ಇನ್ನೊಂದು ಒಬ್ಬಟ್ಟು ಬೇಡವೆನ್ನುವ ಬಗೆ: ಬಡಿಸುವವರ ಮನಸ್ಸು ನೋಯದಂತೆ ಸಾಕು ಮಾಡಲು ಸಮಗ್ರ ಮಾರ್ಗದರ್ಶಿ

ಬೆಂಗಳೂರಿನ ಮನೆಗಳಲ್ಲಿ ಹಬ್ಬದೂಟಕ್ಕೆ ಕರೆದವರು ಅತಿಥಿಯ ಮೊದಲನೇ "ಸಾಕು" ಎಂಬ ಮಾತನ್ನು ಕಿವಿಗೆ ಹಾಕಿಕೊಳ್ಳುವುದಿಲ್ಲ. ಸಂಕೋಚದಿಂದ ಹೇಳುತ್ತಿದ್ದಾರೆ ಎಂದುಕೊಂಡು ಸೌಟು ಮುಂದಕ್ಕೆ ತರುತ್ತಾರೆ. ಎರಡನೇ ಸಲ ಹೇಳಿದರೆ "ಅದೇನು ಗುಬ್ಬಿಯ ಹಾಗೆ ತಿನ್ನುತ್ತೀರಿ" ಎನ್ನುತ್ತಾರೆ. ಮುಖ ಗಂಟಿಕ್ಕಿ "ಬೇಡ" ಎಂದರೆ ಬೆಳಗಿನಿಂದ ಒಲೆಯ ಮುಂದೆ ನಿಂತಿದ್ದವರ ಮುಖ ಸಪ್ಪಗಾಗುತ್ತದೆ. ಸುಮ್ಮನಿದ್ದರೆ ಎಲೆ ತುಂಬುತ್ತದೆ. ತುಂಬಿದ್ದನ್ನು ಬಿಟ್ಟು ಏಳುವುದಂತೂ ಇವೆಲ್ಲಕ್ಕಿಂತ ಕೆಟ್ಟದ್ದು.

ಇದಕ್ಕೆ ದಾರಿ ಇದೆ. ಆದರೆ ಅದು ಸೌಟು ಎಲೆಯ ಮೇಲೆ ಬಂದ ಗಳಿಗೆಯಲ್ಲಿ ಸಿಗುವಂಥದ್ದಲ್ಲ, ಎಲೆ ಹಾಕುವುದಕ್ಕೆ ಮುಂಚೆಯೇ ಶುರುವಾಗಬೇಕು. ಮಾತಿಗೆ ಆಧಾರವಾಗಿ ಒಂದು ಊಟವನ್ನೇ ತೆಗೆದುಕೊಳ್ಳೋಣ. ಯುಗಾದಿಯ ದಿನ, ಹನುಮಂತನಗರದಲ್ಲಿ ನಿಮ್ಮ ಸಹೋದ್ಯೋಗಿಯ ಮನೆ. ಬಡಿಸುವವರು ಅವರ ತಾಯಿ, ಜೊತೆಗೆ ಮನೆಯ ಸೊಸೆ. ಬೇವು ಬೆಲ್ಲ ಆಗಿದೆ. ಎಲೆಯಲ್ಲಿ ಹೆಸರುಬೇಳೆ ಕೋಸಂಬರಿ, ಹುರುಳಿಕಾಯಿ ಪಲ್ಯ, ಮಾವಿನಕಾಯಿ ಚಿತ್ರಾನ್ನ, ಹಪ್ಪಳ, ಒಬ್ಬಟ್ಟು, ಅನ್ನ, ತೊವ್ವೆ, ಒಬ್ಬಟ್ಟಿನ ಸಾರು, ಕೊನೆಗೆ ಮೊಸರು. ನಿಮಗೆ ಒಂದು ಒಬ್ಬಟ್ಟು, ಒಂದೂವರೆ ಸೌಟು ಅನ್ನ ಹಿಡಿಸುತ್ತದೆ. ಅವರ ಮನಸ್ಸಿನಲ್ಲಿರುವುದು ನಾಲ್ಕು ಒಬ್ಬಟ್ಟು.

ಎಲೆ ಹಾಕುವ ಮುಂಚೆ

ಹಸಿದುಕೊಂಡು ಹೋಗಿ. "ಬರುವಾಗ ತಿಂಡಿ ತಿಂದುಕೊಂಡೇ ಬಂದೆ" ಎಂಬ ಮಾತು ನಿಜವಾಗಿದ್ದರೂ ಆಡಬೇಡಿ. ನಿಮ್ಮ ಊಟ ನಂಬಿಕೊಂಡು ನಾನು ಬರಲಿಲ್ಲ ಎಂದು ಹೇಳಿದ ಹಾಗಾಗುತ್ತದೆ. ಅದನ್ನು ಸುಳ್ಳು ಮಾಡಿ ತೋರಿಸಲಿಕ್ಕಾದರೂ ಅವರು ಹೆಚ್ಚು ಬಡಿಸುತ್ತಾರೆ.

ಆರೋಗ್ಯದ ಕಾರಣವಿದ್ದರೆ ಅದನ್ನು ಹಿಂದಿನ ದಿನವೇ ಫೋನಿನಲ್ಲಿ ತಿಳಿಸಬೇಕು, ಇಲ್ಲವೇ ಮನೆಗೆ ಹೋದ ಕೂಡಲೇ ಅಡುಗೆಮನೆಯ ಬಾಗಿಲಲ್ಲಿ ನಿಂತು ತಾಯಿಗೇ ಹೇಳಬೇಕು: "ಅಮ್ಮಾ, ನನಗೆ ಸಕ್ಕರೆ ಕಾಯಿಲೆ ಇದೆ. ನಿಮ್ಮ ಕೈಯ ಒಬ್ಬಟ್ಟು ಅರ್ಧ ತಿಂದೇ ತಿನ್ನುತ್ತೇನೆ, ಅದಕ್ಕಿಂತ ಹೆಚ್ಚು ಹಾಕಬೇಡಿ." ಹೀಗೆ ಮೊದಲೇ ಹೇಳಿದರೆ ಅದು ಅವರ ಜವಾಬ್ದಾರಿಯಾಗುತ್ತದೆ. ಪಂಕ್ತಿಯಲ್ಲಿ ಬೇರೆ ಯಾರಾದರೂ ಒತ್ತಾಯಿಸಿದರೆ "ಅವರಿಗೆ ಬೇಡ, ಸಕ್ಕರೆ ಇದೆ" ಎಂದು ಅವರೇ ತಡೆಯುತ್ತಾರೆ. ಅದೇ ಮಾತನ್ನು ಒಬ್ಬಟ್ಟು ಎದುರಿಗೆ ಬಂದಾಗ ಹೇಳಿದರೆ ನೆಪದಂತೆ ಕೇಳಿಸುತ್ತದೆ, "ಹಬ್ಬದ ದಿನ ಒಂದರಿಂದ ಏನೂ ಆಗುವುದಿಲ್ಲ" ಎಂಬ ಉತ್ತರ ಸಿದ್ಧವಾಗಿರುತ್ತದೆ.

ಇಲ್ಲದ ಕಾಯಿಲೆಯನ್ನು ಮಾತ್ರ ಹೇಳಬೇಡಿ. ಊಟಕ್ಕೆ ಕರೆಯುವವರು ಇಂಥದ್ದನ್ನು ಮರೆಯುವವರಲ್ಲ. ಮುಂದಿನ ಸಲ ನಿಮಗಾಗಿ ಸಪ್ಪೆ ಅಡುಗೆ ಬೇರೆ ಮಾಡಿರುತ್ತಾರೆ, ನಡುವೆ ನಾಲ್ಕು ಸಲ ಮದ್ದು ಹೇಳಲು ಫೋನ್ ಮಾಡಿರುತ್ತಾರೆ. ಅಷ್ಟು ಕಾಳಜಿಯನ್ನು ಸುಳ್ಳಿನ ಮೇಲೆ ಹೊರಿಸುವುದು ಸರಿಯಲ್ಲ.

ಎಲ್ಲಿ ಒಪ್ಪಬೇಕು, ಎಲ್ಲಿ ತಡೆಯಬೇಕು

ಬಹಳ ಜನ ಎಡವುವುದು ಇಲ್ಲಿ. ಹೊಟ್ಟೆ ತುಂಬುವುದು ಅನ್ನದಿಂದ, ಆದರೆ ಅವರು ತಡೆಯುವುದು ಒಬ್ಬಟ್ಟನ್ನು. ಅಡುಗೆ ಮಾಡಿದವರ ಕಡೆಯಿಂದ ನೋಡಿ. ಅನ್ನ ಕುಕ್ಕರಿನಲ್ಲಿ ತಾನೇ ಆಗುತ್ತದೆ. ಒಬ್ಬಟ್ಟು ಹಾಗಲ್ಲ. ಕಣಕ ಕಲಸಿ, ಎಣ್ಣೆ ಹಾಕಿ ನಾದಿ, ಗಂಟೆಗಟ್ಟಲೆ ನೆನೆಯಲು ಬಿಡಬೇಕು. ಬೇಳೆಯನ್ನು ಹದವಾಗಿ ಬೇಯಿಸಿ, ಕಟ್ಟು ಬಸಿದು, ಬೆಲ್ಲ ಸೇರಿಸಿ ಹೂರಣ ರುಬ್ಬಬೇಕು. ಬಸಿದ ಕಟ್ಟಿನಿಂದಲೇ ಒಬ್ಬಟ್ಟಿನ ಸಾರು ಆಗಬೇಕು. ಆಮೇಲೆ ಒಂದೊಂದನ್ನೇ ತಟ್ಟಿ, ಹರಿಯದಂತೆ ಕಾವಲಿಗೆ ಹಾಕಿ, ತುಪ್ಪ ಬಿಟ್ಟು ಬೇಯಿಸಬೇಕು. ಇಷ್ಟು ಕೆಲಸ ಅಡಗಿರುವ ಪದಾರ್ಥವನ್ನು ತಡೆದರೆ ನೋವು ಹೆಚ್ಚು. ಅನ್ನವನ್ನು ತಡೆದರೆ ಯಾರಿಗೂ ಬೇಸರವಿಲ್ಲ.

ಆದ್ದರಿಂದ ಮೊದಲ ಸುತ್ತಿನಲ್ಲಿ ಅನ್ನ ಬಂದಾಗಲೇ ಬಿಗಿ ಹಿಡಿಯಿರಿ. ಸೌಟು ತುಂಬ ಅನ್ನ ಬೀಳುವ ಮುಂಚೆ, "ಅರ್ಧ ಸೌಟು ಹಾಕಿ, ಬೇಕಾದರೆ ಮತ್ತೆ ಕೇಳಿ ಹಾಕಿಸಿಕೊಳ್ಳುತ್ತೇನೆ" ಎನ್ನಿ. ಈ ಮಾತಿನ ಉತ್ತರಾರ್ಧ ಬಹಳ ಮುಖ್ಯ. ಬಡಿಸುವವರಿಗೆ ಮತ್ತೊಮ್ಮೆ ಬಡಿಸುವ ಅವಕಾಶ ಉಳಿಯಿತಲ್ಲ ಎಂಬ ಸಮಾಧಾನವಿರುತ್ತದೆ. ಚಿತ್ರಾನ್ನವೂ ಹೀಗೆಯೇ, ಒಂದು ಹಿಡಿಯಷ್ಟು ಸಾಕು.

ಒಂದೇ ಸಲ ಬಡಿಸಿ ಸುಮ್ಮನಾಗಬಾರದು, ಎರಡನೇ ಸಲ ಸ್ವಲ್ಪವಾದರೂ ಹಾಕಬೇಕು ಎಂಬ ನಂಬಿಕೆ ಅನೇಕ ಮನೆಗಳಲ್ಲಿದೆ. ದೋಸೆಯಾಗಲಿ ಒಬ್ಬಟ್ಟಾಗಲಿ ಮೂರಕ್ಕೆ ನಿಲ್ಲಿಸಬಾರದು ಎನ್ನುವವರೂ ಇದ್ದಾರೆ. ಎರಡು ತಿಂದ ಮೇಲೆ ಮೂರನೆಯದನ್ನು ಒಪ್ಪಿಕೊಂಡರೆ ನಾಲ್ಕನೆಯದು ತಾನಾಗಿ ಬರುವುದು ಇದರಿಂದಲೇ. ಅಂಥ ಮನೆಯಲ್ಲಿ ಎರಡನೇ ಸುತ್ತನ್ನು ಪೂರ್ತಿ ನಿರಾಕರಿಸಲು ಹೋಗಬೇಡಿ. ಎರಡನೇ ಸುತ್ತು ಚಿಕ್ಕದಾಗುವಂತೆ ಮಾಡಿಕೊಳ್ಳಿ. ಮೊದಲು ಒಂದು, ಆಮೇಲೆ ಅವರೇ ಮುರಿದು ಕೊಡುವ ಅರ್ಧ. ಅಲ್ಲಿಗೆ ಎರಡು ಸಲ ಬಡಿಸಿದ ಹಾಗೂ ಆಯಿತು, ಲೆಕ್ಕ ಮೂರರ ಹತ್ತಿರವೂ ಹೋಗಲಿಲ್ಲ.

ಬೇಡ ಎನ್ನುವುದಕ್ಕೆ ಮುಂಚೆ ಏನಾದರೊಂದು ಕೇಳಿ

ಈ ಬರಹದಲ್ಲಿ ಒಂದನ್ನೇ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಊಟದ ನಡುವೆ, ಯಾರೂ ಒತ್ತಾಯ ಮಾಡುವ ಮುಂಚೆ, ಹಗುರವಾದ ಒಂದು ಪದಾರ್ಥವನ್ನು ನೀವಾಗಿಯೇ ಕೇಳಿ ಹಾಕಿಸಿಕೊಳ್ಳಿ. "ಅಮ್ಮಾ, ಆ ಕೋಸಂಬರಿ ಇನ್ನೊಂದು ಸ್ವಲ್ಪ ಇದೆಯೇ? ಮಾವಿನಕಾಯಿ ತುರಿದು ಹಾಕಿದ್ದೀರಲ್ಲ, ಬಹಳ ಚೆನ್ನಾಗಿದೆ." ಇಲ್ಲವೇ ಒಬ್ಬಟ್ಟಿನ ಸಾರನ್ನು ಲೋಟಕ್ಕೆ ಹಾಕಿಸಿಕೊಂಡು ಕುಡಿಯಿರಿ.

ಕೇಳಿ ಹಾಕಿಸಿಕೊಂಡ ಅತಿಥಿಗೆ ಸಂಕೋಚವಿಲ್ಲ ಎಂಬುದು ಬಡಿಸುವವರಿಗೆ ಕಣ್ಣಾರೆ ಗೊತ್ತಾಗುತ್ತದೆ. ಅವರ ಒತ್ತಾಯದ ಮೂಲವೇ ಈ ಅನುಮಾನ: ಇವರು ನಾಚಿಕೊಂಡು ಅರೆಹೊಟ್ಟೆಯಲ್ಲಿ ಏಳುತ್ತಾರೇನೋ ಎಂದು. ಒಮ್ಮೆ ಅದು ನೀಗಿದರೆ ಆಮೇಲೆ ನೀವು ಸಾಕು ಎಂದದ್ದನ್ನು ನಂಬುತ್ತಾರೆ. "ಬೇಕಾದದ್ದನ್ನು ನಾನೇ ಕೇಳಿ ಹಾಕಿಸಿಕೊಂಡೆನಲ್ಲ ಅಮ್ಮಾ, ಇದು ನಿಜವಾಗಿಯೂ ಸಾಕು" ಎಂಬ ಮಾತಿಗೆ ಎದುರು ಮಾತು ಹುಡುಕುವುದು ಕಷ್ಟ.

ಹೊಗಳುವಾಗ ಇಂಥದ್ದು ಎಂದು ಹೇಳಿ. "ಎಲ್ಲಾ ಚೆನ್ನಾಗಿದೆ" ಎಂದರೆ ಎಲ್ಲವನ್ನೂ ಇನ್ನೊಮ್ಮೆ ಬಡಿಸಲು ಅಪ್ಪಣೆ ಕೊಟ್ಟ ಹಾಗೆ. ಕೋಸಂಬರಿಯನ್ನು ಹೊಗಳಿದರೆ ಕೋಸಂಬರಿಯೇ ಬರುತ್ತದೆ. ಒಬ್ಬಟ್ಟನ್ನು ಹೊಗಳಲೇಬೇಕು, ಆದರೆ ಅದನ್ನು ಕೊನೆಯ ತುಂಡು ಬಾಯಿಗೆ ಹೋದ ಮೇಲೆ ಹೇಳಬೇಡಿ. ಅರ್ಧ ಇನ್ನೂ ಎಲೆಯಲ್ಲಿರುವಾಗಲೇ ಹೇಳಿ.

ಕೈ ಹಿಡಿಯುವ ಬಗೆ

ಬಡಿಸುವವರು ಬಗ್ಗುವ ಮುಂಚೆಯೇ ಕೈ ಎಲೆಯ ಮೇಲೆ ಬಂದಿರಬೇಕು. ಬಲಗೈಯ ಬೆರಳುಗಳನ್ನು ಜೋಡಿಸಿ, ಅಂಗೈ ಕೆಳಮುಖವಾಗಿರಲಿ. ಎಲೆಯಿಂದ ನಾಲ್ಕು ಬೆರಳಿನಷ್ಟು ಮೇಲೆ, ಅವರು ಯಾವುದನ್ನು ಬಡಿಸಲು ಬರುತ್ತಿದ್ದಾರೋ ಆ ಜಾಗದ ಮೇಲೆ ಮಾತ್ರ ಹಿಡಿಯಿರಿ. ಅನ್ನಕ್ಕಾದರೆ ಎಲೆಯ ನಡುವೆ, ಪಲ್ಯಕ್ಕಾದರೆ ಮೇಲ್ಭಾಗದಲ್ಲಿ. ಕೈಯನ್ನು ಆಡಿಸಬೇಡಿ. ಗಾಳಿಯಲ್ಲಿ ಅತ್ತಿತ್ತ ಆಡುವ ಕೈ "ಹಾಕಿ" ಎಂದಷ್ಟೇ ಹೇಳುತ್ತದೆ, ನಿಂತ ಕೈ ಮಾತ್ರ ತಡೆಯುತ್ತದೆ. ತಲೆಯನ್ನು ಸ್ವಲ್ಪ ಬಾಗಿಸಿ, ಅವರ ಮುಖ ನೋಡಿ.

ಕೈಯನ್ನು ಸೌಟಿನ ಕಡೆಗೆ ಎತ್ತಬೇಡಿ. ನಿಮ್ಮ ಬಲಗೈ ಎಂಜಲಾಗಿದೆ. ಮಡಿ ಮೈಲಿಗೆ ಅಷ್ಟಾಗಿ ನೋಡದ ಮನೆಗಳಲ್ಲಿಯೂ ಎಂಜಲನ್ನು ನೋಡುತ್ತಾರೆ. ಬೆರಳು ಸೌಟಿಗೆ ತಗುಲಿದರೆ ಆ ಸೌಟನ್ನು ಪಾತ್ರೆಗೆ ಮತ್ತೆ ಹಾಕುವ ಹಾಗಿಲ್ಲ, ಪಂಕ್ತಿ ಅಲ್ಲೇ ನಿಲ್ಲುತ್ತದೆ. ಎಡಗೈ ಸ್ವಚ್ಛವಾಗಿದ್ದರೂ ಅದನ್ನು ಬಡಿಸುವವರಿಗೆ ಅಡ್ಡ ಹಿಡಿಯುವುದು ಮರ್ಯಾದೆಯಲ್ಲ ಎಂದು ಹಿರಿಯರು ಭಾವಿಸುತ್ತಾರೆ. ಎಡಗೈ ನೀರಿನ ಲೋಟಕ್ಕಿರಲಿ. ತೀರಾ ಒತ್ತಾಯವಾದರೆ ಎರಡೂ ಕೈಗಳನ್ನು ಎಲೆಯ ಮೇಲೆ ಅಡ್ಡ ಹಿಡಿಯಬಹುದು. ಅದು ಕೊನೆಯ ಉಪಾಯ. ಮೊದಲನೇ ಸಲವೇ ಅದನ್ನು ಮಾಡಿದರೆ ಎಲ್ಲರೂ ನಗುತ್ತಾರೆ, ನಕ್ಕ ಮೇಲೆ ಬಡಿಸಿಯೇ ಬಿಡುತ್ತಾರೆ.

ಸೌಟು ಆಗಲೇ ಬಗ್ಗಿದ್ದರೆ, ಸಾರು ಹರಿಯುವುದರಲ್ಲಿದ್ದರೆ, ಕೈ ಅಡ್ಡ ತರಬೇಡಿ. ಬಿಸಿ ಸಾರು ಕೈಮೇಲೆ ಬೀಳುತ್ತದೆ, ಬಡಿಸಿದವರು ದಿನವಿಡೀ ಕೊರಗುತ್ತಾರೆ. "ಅಷ್ಟೇ ಅಷ್ಟೇ, ಸಾಕು" ಎಂದು ಬಾಯಲ್ಲಿಯೇ ನಿಲ್ಲಿಸಿ, ಬಿದ್ದಷ್ಟನ್ನು ಊಟ ಮಾಡಿ.

ಮೂರು ಸಲ, ಮೂರು ಮಾತು

ಒತ್ತಾಯ ಸಾಮಾನ್ಯವಾಗಿ ಮೂರು ಮೆಟ್ಟಿಲು ಹತ್ತುತ್ತದೆ. ಪ್ರತಿ ಸಲವೂ ಅದೇ ಮಾತನ್ನು ಅದೇ ದನಿಯಲ್ಲಿ ಹೇಳಿದರೆ ಅವರೂ ಅದೇ ಮಾತನ್ನು ಹೇಳುತ್ತಾ ಹೋಗುತ್ತಾರೆ.

ಹನುಮಂತನಗರದ ಮನೆಗೆ ಮರಳೋಣ. ಮೊದಲ ಒಬ್ಬಟ್ಟು ಮುಗಿಯುತ್ತಾ ಬಂದಿದೆ. ಸೊಸೆ ತಟ್ಟೆ ಹಿಡಿದು ಬಂದು "ಇನ್ನೊಂದು ಹಾಕುತ್ತೇನೆ" ಎನ್ನುತ್ತಾರೆ. "ಈಗ ಬೇಡ, ಇದನ್ನು ಮುಗಿಸುತ್ತೇನೆ" ಎನ್ನಿ. ಇದು ನಿರಾಕರಣೆಯಲ್ಲ, ಮುಂದೂಡಿಕೆ. ಅವರು ಪಕ್ಕದವರ ಕಡೆ ಹೋಗುತ್ತಾರೆ.

ಎರಡನೇ ಸಲ ತಾಯಿಯೇ ಬರುತ್ತಾರೆ. "ಏನು, ಚೆನ್ನಾಗಿಲ್ಲವೇ? ಸಂಕೋಚ ಪಟ್ಟುಕೊಳ್ಳಬೇಡಿ, ನಿಮ್ಮ ಮನೆ ಅಂದುಕೊಳ್ಳಿ." ಇಲ್ಲಿ ಹೊಟ್ಟೆಯ ಮಾತು ತೆಗೆಯುವ ಮುಂಚೆ ಅವರ ಪ್ರಶ್ನೆಗೆ ಉತ್ತರ ಕೊಡಬೇಕು. "ಹೂರಣ ಇಷ್ಟು ನುಣ್ಣಗೆ ಬಂದಿರುವ ಒಬ್ಬಟ್ಟು ಹೊರಗೆ ಎಲ್ಲಿ ಸಿಗುತ್ತದೆ ಅಮ್ಮಾ? ನನ್ನ ಹೊಟ್ಟೆ ಇಷ್ಟೇ. ಅರ್ಧ ಮುರಿದು ಕೊಡಿ, ನಿಮ್ಮ ಕೈಯಿಂದ ಎಂದು ತಿನ್ನುತ್ತೇನೆ." ಮುರಿಯುವುದು ಅವರ ಕೈಯಲ್ಲಿ, ತಟ್ಟೆಯ ಮೇಲೆಯೇ ಆಗಬೇಕು. ಇಡೀ ಒಬ್ಬಟ್ಟು ನಿಮ್ಮ ಎಲೆಗೆ ಬಿದ್ದ ಮೇಲೆ ಅದು ನಿಮ್ಮ ಎಂಜಲು, ಇನ್ನೊಬ್ಬರಿಗೆ ದಾಟಿಸುವ ಹಾಗಿಲ್ಲ. ಪಕ್ಕದಲ್ಲಿ ನಿಮ್ಮ ಸಂಗಾತಿ ಇದ್ದರೆ "ಒಂದನ್ನೇ ನಮ್ಮಿಬ್ಬರಿಗೂ ಅರ್ಧರ್ಧ ಹಾಕಿ" ಎಂದರೆ ಇನ್ನೂ ಸುಲಭ.

ಮೂರನೇ ಸಲ ಮಾತು ಚಿಕ್ಕದಾಗಲಿ, ದನಿ ತಗ್ಗಲಿ, ನಗು ನಿಲ್ಲಲಿ. ಕೈಯನ್ನು ಎಲೆಯ ಮೇಲೆ ನಿಲ್ಲಿಸಿ, "ಅಮ್ಮಾ, ನಿಜವಾಗಿಯೂ ಸಾಕು. ಇನ್ನು ಮೊಸರನ್ನಕ್ಕೆ ಜಾಗ ಇಟ್ಟುಕೊಂಡಿದ್ದೇನೆ" ಎಂದು ನಿಧಾನವಾಗಿ ಹೇಳಿ. ನಗುತ್ತಾ "ಅಯ್ಯೋ ಸಾಕು ಸಾಕು ಸಾಕು" ಎಂದು ಗಡಿಬಿಡಿಯಲ್ಲಿ ಹೇಳುವುದನ್ನು ಬಡಿಸುವವರು ಆಟವೆಂದು ತಿಳಿಯುತ್ತಾರೆ. ಎಲೆ ತುಂಬಿಸಿಕೊಂಡು ಒದ್ದಾಡುವವರಲ್ಲಿ ಹೆಚ್ಚಿನವರು ಹೇಳುವುದು ಹೀಗೆಯೇ.

ಸೊಸೆ ಬಡಿಸುತ್ತಿದ್ದರೆ ಇನ್ನೊಂದು ಸೂಕ್ಷ್ಮವಿದೆ. ಅವರು ಬಡಿಸದೆ ಹಿಂತಿರುಗಿದರೆ "ಸರಿಯಾಗಿ ವಿಚಾರಿಸಿಕೊಂಡೆಯಾ?" ಎಂದು ಒಳಗಿನಿಂದ ಅತ್ತೆಯ ಪ್ರಶ್ನೆ ಬರಬಹುದು. ಆದ್ದರಿಂದ ನಿಮ್ಮ ಉತ್ತರ ಅಡುಗೆಮನೆಗೂ ಕೇಳಿಸುವಂತಿರಲಿ: "ಇವರು ಎರಡೆರಡು ಸಲ ಕೇಳಿ ಹಾಕಿದ್ದಾರೆ, ನನಗೇ ಸಾಕಾಗಿದೆ." ಮನೆಯ ಕಿರಿಯರು ನಿಮ್ಮಿಂದಾಗಿ ಮಾತು ಕೇಳುವಂತಾಗಬಾರದು.

ಖಾಲಿ ಎಲೆ ಮತ್ತು ಊಟದ ವೇಗ

ಬಡಿಸುವವರು ನಿಮ್ಮ ಮುಖಕ್ಕಿಂತ ಹೆಚ್ಚಾಗಿ ಎಲೆಯನ್ನು ನೋಡುತ್ತಾರೆ. ಖಾಲಿಯಾದ ಜಾಗ ಕಂಡ ಕೂಡಲೇ ತುಂಬುತ್ತಾರೆ. ಬೇಗ ಬೇಗ ಊಟ ಮುಗಿಸುವವರಿಗೆ ಇದರಿಂದ ಎರಡು ಕಷ್ಟ. ಪಂಕ್ತಿಯಲ್ಲಿ ಎಲ್ಲರ ಊಟವಾಗುವ ಮುಂಚೆ, ಅದರಲ್ಲಿಯೂ ಹಿರಿಯರು ಏಳುವ ಮುಂಚೆ, ಎದ್ದು ಹೋಗುವಂತಿಲ್ಲ. ಹಾಗೆಂದು ಖಾಲಿ ಎಲೆ ಇಟ್ಟುಕೊಂಡು ಕೂತರೆ ಪ್ರತಿ ಸುತ್ತಿನಲ್ಲಿಯೂ ಏನಾದರೊಂದು ಬೀಳುತ್ತದೆ.

ಸಾಲಿನಲ್ಲಿ ಅತ್ಯಂತ ನಿಧಾನವಾಗಿ ಊಟ ಮಾಡುವ ಹಿರಿಯರನ್ನು ಗುರುತಿಸಿ, ಅವರ ಜೊತೆಗೇ ಸಾಗಿ. ಅವರು ಸಾರನ್ನ ಕಲಸುವಾಗ ನೀವೂ ಸಾರನ್ನದಲ್ಲಿರಿ. ಪಲ್ಯ, ಕೋಸಂಬರಿಗಳಲ್ಲಿ ಒಂದೊಂದು ತುತ್ತು ಉಳಿಸಿಕೊಂಡು ಅವನ್ನು ಮೊಸರನ್ನದ ಜೊತೆಗೆ ಮುಗಿಸಿ. ಮುಗಿಸುವುದು ಮಾತ್ರ ತಪ್ಪಬಾರದು. ತಡೆಯಲೆಂದು ಉಳಿಸಿದ್ದನ್ನು ಹಾಗೇ ಬಿಟ್ಟರೆ ಇಷ್ಟು ಹೊತ್ತು ಹೊಗಳಿದ್ದೆಲ್ಲ ಸುಳ್ಳಾಗುತ್ತದೆ.

ಮೊಸರು ಊಟದ ಕೊನೆ ಎಂಬುದನ್ನು ಎಲ್ಲರೂ ಒಪ್ಪುತ್ತಾರೆ. ಮೊಸರಿಗೆಂದು ಒಂದೆರಡು ತುತ್ತು ಅನ್ನವನ್ನು ನೀವೇ ಕೇಳಿ ಹಾಕಿಸಿಕೊಂಡರೆ ಊಟ ತೃಪ್ತಿಯಾಗಿದೆ ಎಂಬುದಕ್ಕೆ ಬೇರೆ ಮಾತು ಬೇಡ. ಮೊಸರು ಎಲೆಗೆ ಬಿದ್ದ ಮೇಲೆ ಯಾರೂ ಮತ್ತೆ ಸಾರು ತರುವುದಿಲ್ಲ. ಎಲೆ ಮಡಚುವುದನ್ನು ಮಾತ್ರ ತಡೆಯುವ ಉಪಾಯವಾಗಿ ಬಳಸಬೇಡಿ. ಕೆಲವು ಮನೆಗಳಲ್ಲಿ ಮಡಚುವುದೇ ಇಲ್ಲ, ಮಡಚುವ ಮನೆಗಳಲ್ಲಿಯೂ ಯಾವ ಕಡೆಗೆ ಎಂಬುದಕ್ಕೆ ಶುಭ ಅಶುಭದ ಅರ್ಥವಿದೆ. ಪಕ್ಕದವರು ಮಾಡಿದ ಹಾಗೆ ಮಾಡಿ.

ಮರುದಿನ, ಹೊಸತೊಡಕು

ಯುಗಾದಿಯ ಮರುದಿನ ಬೆಂಗಳೂರಿನ ಸುತ್ತಮುತ್ತ ಮಾಂಸದೂಟದ ಹೊಸತೊಡಕು. ಅಲ್ಲಿ ಎಲೆಯ ಬದಲು ತಟ್ಟೆ, ಒಬ್ಬಟ್ಟಿನ ಜಾಗದಲ್ಲಿ ರಾಗಿ ಮುದ್ದೆ ಮತ್ತು ಮಟನ್ ಸಾರು. ಮುದ್ದೆಯಲ್ಲಿ "ಸ್ವಲ್ಪ ಹಾಕಿ" ಎಂಬುದು ನಡೆಯುವುದಿಲ್ಲ. ಬಂದರೆ ಇಡೀ ಉಂಡೆಯೇ ಬರುತ್ತದೆ, ಅದೂ ಎಲ್ಲಾ ಮುದ್ದೆಗಳನ್ನೂ ಒಟ್ಟಿಗೆ ಕಟ್ಟಿಟ್ಟ ಮೇಲೆ. ಆದ್ದರಿಂದ ಕಟ್ಟುವಾಗಲೇ "ಅಕ್ಕಾ, ನನ್ನದು ಚಿಕ್ಕದಾಗಿ ಕಟ್ಟಿ" ಎಂದು ಹೇಳಿಬಿಡಬೇಕು. ಎರಡನೆಯದಕ್ಕೆ ಒತ್ತಾಯ ಬಂದರೆ "ಅರ್ಧ ಮುದ್ದೆ" ಎನ್ನಿ. ಮುರಿದು ಕೊಡುವುದು ಆ ಮನೆಗಳಲ್ಲಿ ಸಹಜ.

ಅಲ್ಲಿನ ಒತ್ತಾಯವೆಲ್ಲ ತುಂಡುಗಳದ್ದು. ಮುದ್ದೆ ತಡೆದರೆ ಸುಮ್ಮನಿರುತ್ತಾರೆ, ತುಂಡು ತಡೆದರೆ ಬಿಡುವುದಿಲ್ಲ. ಬೆನ್ನ ಹಿಂದಿನಿಂದ ಬಂದು ಹಾಕಿ ಹೋಗುವವರೂ ಇದ್ದಾರೆ. "ಸಾರು ಮಾತ್ರ ಬಿಡಿ, ಮುದ್ದೆ ಮುಗಿಸಬೇಕು" ಎಂದು ಕೇಳಿಕೊಂಡರೆ ಬಡಿಸುವ ಕೈಗೆ ಕೆಲಸವೂ ಸಿಕ್ಕಿತು, ತಟ್ಟೆಯೂ ತುಂಬಲಿಲ್ಲ.

ತಡೆಯಬಾರದ ಕಡೆ

ಪೂಜೆಯ ಪ್ರಸಾದವನ್ನು ತಡೆಯಬೇಡಿ. ಬಲಗೈಯನ್ನು ಎಡಗೈಯ ಮೇಲಿಟ್ಟು ಚಿಟಿಕೆಯಷ್ಟು ಪಡೆದರೆ ಸಾಕು, ಪ್ರಸಾದಕ್ಕೆ ಪ್ರಮಾಣದ ಲೆಕ್ಕವಿಲ್ಲ. ವಯಸ್ಸಾದ ಅಜ್ಜಿ ಎದ್ದು ಬಂದು ತಾವೇ ಒಂದು ತುಂಡು ಹಾಕಿದರೂ ತಡೆಯಬೇಡಿ. ಅದಕ್ಕಾಗಿ ಮುಂಚೆಯೇ ಒಂದು ತುತ್ತಿನ ಜಾಗ ಉಳಿಸಿಕೊಂಡಿರಿ. ವೈದ್ಯರು ಖಡಾಖಂಡಿತವಾಗಿ ಬೇಡವೆಂದಿರುವ ಪದಾರ್ಥವಾದರೆ ಮಾತ್ರ ಯಾರ ಕೈಯಿಂದಲೂ ತೆಗೆದುಕೊಳ್ಳಬೇಕಾಗಿಲ್ಲ. ಆಣೆ ಹಾಕಿದರೂ ಕೈಮುಗಿದು "ತಿಂದರೆ ನನಗೆ ಆಗುವುದಿಲ್ಲ ಅಜ್ಜಿ, ಆಶೀರ್ವಾದ ಮಾಡಿ" ಎಂದು ಅಷ್ಟಕ್ಕೇ ನಿಲ್ಲಿಸಿ.

ಡಬ್ಬಿ

ಒಬ್ಬಟ್ಟು ಇನ್ನೂ ಉಳಿದಿದೆ, ತಾಯಿಗೆ ಇನ್ನೂ ಸಮಾಧಾನವಾಗಿಲ್ಲ ಎಂದು ಕಂಡರೆ ನೀವೇ ಕೇಳಿ: "ಎರಡು ಒಬ್ಬಟ್ಟು ಡಬ್ಬಿಗೆ ಹಾಕಿಕೊಡಿ, ರಾತ್ರಿ ಬಿಸಿ ಮಾಡಿಕೊಂಡು ತಿನ್ನುತ್ತೇನೆ." ಎಷ್ಟು ಎಂಬ ಸಂಖ್ಯೆ ನಿಮ್ಮ ಬಾಯಿಂದಲೇ ಬರಲಿ, ಇಲ್ಲವಾದರೆ ಎಂಟು ಬರುತ್ತವೆ. ಇದನ್ನು ಎಲೆಯ ಮುಂದೆ ಕೂತಿರುವಾಗ ಹೇಳಬೇಡಿ, ಈಗೊಂದು ಆಮೇಲೆರಡು ಎಂದು ಎರಡೂ ಸೇರಿಕೊಳ್ಳುತ್ತದೆ. ಕೈ ತೊಳೆದು, ತಾಂಬೂಲ ಹಾಕಿಕೊಳ್ಳುವಾಗ ಹೇಳಿ.

ಮರುದಿನ ಫೋನ್ ಮಾಡಿ, ಡಬ್ಬಿಯ ಒಬ್ಬಟ್ಟನ್ನು ಯಾರು ಯಾರು ತಿಂದರು, ಹೇಗೆ ತಿಂದರು ಎಂದು ತಿಳಿಸಿ. ಡಬ್ಬಿಯನ್ನು ಖಾಲಿ ಹಿಂತಿರುಗಿಸಬಾರದು. ಏನೂ ಮಾಡಲು ಆಗದಿದ್ದರೆ ಒಂದು ಹಿಡಿ ಸಕ್ಕರೆಯನ್ನೋ ನಾಲ್ಕು ಬಾಳೆಹಣ್ಣನ್ನೋ ಹಾಕಿ ಕೊಡಿ. ಅವರು "ಇದೆಲ್ಲ ಯಾಕೆ ತಂದಿರಿ, ಬೇಡ" ಎನ್ನುತ್ತಾರೆ. ಒಂದೇ ಸಲ ಒತ್ತಾಯ ಮಾಡಿ.